ಸಹಾಯ ಬೇಕು: ಜೇನು-ನಿಂಬೆ ನೀರು ಮತ್ತು ಹಲ್ಲು ಜುಂ ಅನ್ನುವುದು

ಗುಂಪಿನಲ್ಲಿರುವ ದಂತವೈದ್ಯರಿಗೆ ಒಂದು ಪ್ರಶ್ನೆ. ಡಯಟ್ ಸಲಹೆಗೆ ಬಂದಿರುವ, ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರ ವಿಷಯ. ವಯಸ್ಸು 42. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಇಡೀ ನಿಂಬೆಹಣ್ಣಿನ ರಸ, ಎರಡು ದೊಡ್ಡ ಚಮಚ ಜೇನು, ಬಿಸಿ ನೀರು. ಫ್ಲಾಸ್ಕಿಗೆ ಹಾಕಿಕೊಂಡು ಕ್ಯಾಬ್‌ನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಾರೆ, ಆಫೀಸು ತಲುಪಿದ ಕೂಡಲೇ ಹಲ್ಲುಜ್ಜುತ್ತಾರೆ. ತೂಕ ಇಳಿದಿಲ್ಲ. ಅಷ್ಟು ಜೇನಿನಲ್ಲೇ ಸುಮಾರು 120 ಕ್ಯಾಲೊರಿ ಇದೆ, ನಿಂಬೆಗೆ ಕೊಬ್ಬು ಕರಗಿಸುವ ಶಕ್ತಿಯೂ ಇಲ್ಲ.

ಮುಂದಿನ ಹಲ್ಲುಗಳ ಅಂಚು ಗಾಜಿನಂತೆ ಪಾರದರ್ಶಕವಾಗಿದೆ, ತಣ್ಣೀರು ತಾಗಿದರೆ ಜುಂ ಅನ್ನುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ನಿಂಬೆರಸದ್ದು 2ರ ಆಸುಪಾಸು, ಜೇನೂ ಆಮ್ಲೀಯವೇ. ಗುಟುಕು ಗುಟುಕಾಗಿ ಕುಡಿದರೆ ಜೊಲ್ಲು ಆ ಹುಳಿಯನ್ನು ತಗ್ಗಿಸುವಷ್ಟರಲ್ಲಿ ಮತ್ತೆ ಹುಳಿ ಬೀಳುತ್ತದೆ. ಮೆತ್ತಗಾದ ಪದರವನ್ನು ಆಮೇಲೆ ಬ್ರಷ್ ಉಜ್ಜಿ ತೆಗೆಯುತ್ತದೆ. ನನಗೆ ನಿಂಬೆಗಿಂತ ಆ ಫ್ಲಾಸ್ಕಿನ ಮೇಲೇ ಹೆಚ್ಚು ಅನುಮಾನ.

ಎದೆಯುರಿಯೂ ಇರುವುದರಿಂದ ಸದ್ಯಕ್ಕೆ ಎರಡು ವಾರ ಪೂರ್ತಿ ನಿಲ್ಲಿಸಿ, ಬರೀ ಬೆಚ್ಚಗಿನ ನೀರು ಕುಡಿಯಲು ಹೇಳಿದ್ದೇನೆ. ಆಮೇಲೂ ಉರಿ ಉಳಿದರೆ ವೈದ್ಯರ ಬಳಿ ಹೋಗಲೇಬೇಕು. ಹೊಟ್ಟೆಯ ಆಮ್ಲ ಬಾಯಿಗೆ ಬರುತ್ತಿದ್ದರೆ ಮೇಲಿನ ಹಲ್ಲುಗಳ ಒಳಬದಿಯೂ ಸವೆದಿರುತ್ತದೆ. ಅದು ನನ್ನ ಕಣ್ಣಿಗೆ ಸಿಗುವಂಥದ್ದಲ್ಲ.

ಬೇಕಾಗಿರುವುದು ಇಷ್ಟು: ಸವೆತವನ್ನು ಫೋಟೊ ತೆಗೆದಿಟ್ಟು ಆರು ತಿಂಗಳಿಗೊಮ್ಮೆ ಹೋಲಿಸಿ ನೋಡುವ, ಭಾನುವಾರ ತೆರೆದಿರುವ ಕ್ಲಿನಿಕ್ ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆ ಇದೆಯೇ? ಮುಂದೆ ನಿಂಬೆ ಬೇಕೇ ಬೇಕು ಅಂದರೆ, ಮೊದಲೇ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿ, ಊಟದ ಜೊತೆ ಒಮ್ಮೆಲೇ ಕುಡಿದು, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕೇ?