ಬ್ಯಾಟರಿ ವಾರಂಟಿ ಕಾರ್ಡಿನಲ್ಲಿ ‘36+24’ ಎಂದಿದೆ, ಹೊಸದು ಪುಕ್ಕಟೆ ಸಿಗುತ್ತದೆಯೇ?

ಮಳೆನಾಡಿಗ:
ಇನ್ವರ್ಟರ್ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿಲ್ಲ. 2022ರ ಮಾರ್ಚ್ 12ರಂದು ಕೊಂಡದ್ದು. ಇವತ್ತು 2025ರ ಜೂನ್ 28. ಕಾರ್ಡಿನ ಎರಡೂ ಬದಿಯ ಫೋಟೊ ಹಾಕಿದ್ದೇನೆ. ಹಿಂಬದಿಯ ಅಕ್ಷರ ಇರುವೆ ಸಾಲಿನಂತಿದೆ. ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಯಾರನ್ನು ಕೇಳಬೇಕು?

ಅಂಗಳ:
36ಕ್ಕೆ 24 ಕೂಡಿಸಿದರೆ 60 ತಿಂಗಳು. ಅವಧಿ ಇನ್ನೂ ಇದೆ, ಹೊಸದನ್ನೇ ಕೊಡಬೇಕು. ಬಿಡಬೇಡಿ.

ಹೈಡ್ರೋಮೀಟರ್:
ಅವಧಿ ಸರಿ, ಪುಕ್ಕಟೆ ಎನ್ನುವುದು ತಪ್ಪು. ಮೊದಲ 36 ತಿಂಗಳು ಮಾತ್ರ ಉಚಿತ ಬದಲಿ. ನಿಮ್ಮದು 40ನೇ ತಿಂಗಳು. ಹಿಂಬದಿಯ ಪಟ್ಟಿಯ ಮೊದಲ ಸಾಲು ನೋಡಿ: 37ರಿಂದ 42ರವರೆಗೆ ಹೊಸ ಬ್ಯಾಟರಿಯ ಎಂಆರ್‌ಪಿಯಲ್ಲಿ ಶೇ 30 ರಿಯಾಯಿತಿ. ಎಂಆರ್‌ಪಿ 16,000 ಎಂದಿಟ್ಟುಕೊಳ್ಳಿ, ನೀವು 11,200 ಕೊಡಬೇಕು, ಹಳೆಯದನ್ನೂ ಒಪ್ಪಿಸಬೇಕು. ಅದೇ ಬ್ಯಾಟರಿಯನ್ನು ಅಂಗಡಿಯವರು ಹೇಗೂ 13,000ಕ್ಕೆ ಮಾರುತ್ತಾರೆ, ಹಳೆಯದಕ್ಕೆ 2,500 ಕಳೆಯುತ್ತಾರೆ ಎಂದಾದರೆ 10,500ಕ್ಕೇ ಮುಗಿಯಿತು! ಮೊದಲು ಎರಡೂ ದರ ಕೇಳಿಕೊಳ್ಳಿ.

ಕೊಡುವುದಿಲ್ಲ ಎಂದಿರುವುದು: ಡಬ್ಬ ಒಡೆದಿದ್ದರೆ, ಸೀರಿಯಲ್ ನಂಬರ್ ಅಳಿಸಿದ್ದರೆ, ಡಿಸ್ಟಿಲ್ಡ್ ನೀರು ಬಿಟ್ಟು ಬೇರೇನಾದರೂ ಸುರಿದಿದ್ದರೆ, ಬರೀ ಚಾರ್ಜ್ ಇಳಿದಿದ್ದರೆ. ಬಹುತೇಕ ಜಗಳ ಈ ಕೊನೆಯದರ ಮೇಲೆಯೇ. ಪೂರ್ತಿ ಚಾರ್ಜ್ ಮಾಡಿದ ಮೇಲೆ ಆರೂ ಸೆಲ್‌ಗಳ ಆಸಿಡ್‌ನ ಸಾಂದ್ರತೆ ಅಳೆಯುತ್ತಾರೆ. ಐದು 1,230ರ ಆಸುಪಾಸಿನಲ್ಲಿದ್ದು ಒಂದು 1,150ರಲ್ಲೇ ನಿಂತರೆ ಆ ಸೆಲ್ ಸತ್ತಿದೆ, ನಿಮ್ಮ ವಾದಕ್ಕೆ ಬಲವಿದೆ. ಆರೂ ಒಂದೇ ಸಮ ಮೇಲೇರಿದ್ದರೆ ‘ಚಾರ್ಜ್ ಮಾಡಿ ಕೊಟ್ಟಿದ್ದೇವೆ’ ಎಂದು ವಾಪಸು ಕಳಿಸುತ್ತಾರೆ.

ಕಾಫಿ ಬಟ್ಟಲು:
ನಮ್ಮ ವಾಷಿಂಗ್ ಮಷೀನಿಗೆ ಹತ್ತು ವರ್ಷದ ವಾರಂಟಿ ಎಂದು ಬೋರ್ಡಿನಲ್ಲೇ ಬರೆದಿದ್ದರು. ಕೆಟ್ಟಾಗ ನೋಡಿದರೆ ಅದು ಮೋಟರಿಗೆ ಮಾತ್ರ. ಸರ್ಕ್ಯೂಟ್ ಬೋರ್ಡಿಗೂ ಕೂಲಿಗೂ ನಾವೇ ತೆತ್ತೆವು. ನಿಮ್ಮದರಲ್ಲೂ ಮೋಟರ್ ಯಾವುದೆಂದು ನೋಡಿ.

ಹೈಡ್ರೋಮೀಟರ್:
ಬ್ಯಾಟರಿಗೆ ಮೋಟರ್ ಇಲ್ಲ ತಾಯಿ! ಆದರೆ ಬುದ್ಧಿಮಾತು ಸರಿಯೇ: ಇಲ್ಲಿಯೂ ಸಾಗಣೆ ಖರ್ಚು ಗ್ರಾಹಕರದು ಎಂಬ ಸಾಲಿದೆ.

ಮಳೆನಾಡಿಗ:
ಬಿಲ್ ಸಿಗುತ್ತಿಲ್ಲ. ಕಾರ್ಡ್ ಇದ್ದರೆ ಸಾಲದೇ?

ಹೈಡ್ರೋಮೀಟರ್:
ನಿಮ್ಮ ಕಾರ್ಡಿನ 4ನೇ ಷರತ್ತು: ಬಿಲ್ ಇಲ್ಲದಿದ್ದರೆ ತಯಾರಿಕೆಯ ತಿಂಗಳಿಂದ ಲೆಕ್ಕ. ಮುಂಬದಿಯ ಫೋಟೊದಲ್ಲಿ 2021ರ ನವೆಂಬರ್ ಎಂದಿದೆ. ಆಗ ಇದು 44ನೇ ತಿಂಗಳು, ಪಟ್ಟಿಯ ಎರಡನೇ ಸಾಲಿಗೆ ಇಳಿದು ಶೇ 20 ಮಾತ್ರ. ಕೊಂಡ ಅಂಗಡಿಯಲ್ಲಿ ಬಿಲ್‌ನ ಪ್ರತಿ ಕೇಳಿ. ದೂರನ್ನು ಅವರ ಬಳಿಯೇ ಬರೆಸಿ, ದೂರಿನ ಸಂಖ್ಯೆ ಪಡೆಯದೆ ಬ್ಯಾಟರಿ ಕೊಡಬೇಡಿ. 5ನೇ ಷರತ್ತಿನ ಮೇಲೆ ಫ್ಲ್ಯಾಶ್ ಬೆಳಕು ಬಿದ್ದು ಓದಲಾಗುತ್ತಿಲ್ಲ. ಕಾರ್ಡನ್ನು ಕಿಟಕಿಯ ಬಳಿ ಇಟ್ಟು ಮತ್ತೆ ತೆಗೆಯಿರಿ.

ಮಳೆನಾಡಿಗ:
ಮತ್ತೆ ಹಾಕಿದ್ದೇನೆ. ಡೀಲರ್ ಮೊಹರಿಲ್ಲದ ಕಾರ್ಡ್ ಅಸಿಂಧು ಎಂದಿದೆ. ನನ್ನದರಲ್ಲಿ ಸಹಿ ಇದೆ, ಮೊಹರಿಲ್ಲ.

ಅಂಗಳ:
ಸಹಿ ಸಾಕು ಎನಿಸುತ್ತದೆ.

ಹೈಡ್ರೋಮೀಟರ್:
ಎನಿಸಿದರೆ ಸಾಲದು. ಬಿಲ್ ತರಲು ಹೋದಾಗ ಮೊಹರನ್ನೂ ಹಾಕಿಕೊಡಿ ಎಂದು ಕೇಳಿ ನೋಡಿ. ಇಷ್ಟು ದಿನದ ಮೇಲೆ ಹಾಕಿಕೊಡುತ್ತಾರೋ ಇಲ್ಲವೋ, ಅದು ಆ ಅಂಗಡಿಯವರ ಮರ್ಜಿ.