ಸಹಾಯ ಬೇಕು: ಹೊತ್ತಿಲ್ಲದ ಹೊತ್ತಿನಾಗ ಬರೋ ಮೀಟಿಂಗಿಗೆ ಹೆಂಗ ಇಲ್ಲ ಅನ್ನೋದು?

ಅಣ್ಣಾರ, ಅಕ್ಕಾರ, ಒಂದು ಮೆಸೇಜ್ ನೋಡಿ ಹೇಳ್ರಿ. ನಾನು ಕೊಪ್ಪಳದಾಗ ಮನ್ಯಾಗ ಕುಂತು ಬೆಂಗಳೂರಿನ ಕಂಪನಿಗೆ ಅಕೌಂಟ್ಸ್ ಮಾಡ್ತೀನಿ. 20ನೇ ತಾರೀಖಿನೊಳಗ ಜಿಎಸ್‌ಟಿ 3ಬಿ ರಿಟರ್ನ್ ಹಾಕಬೇಕು, ಅದಕ್ಕ ಮುಂಜಾನೆ 10ರಿಂದ ಮಧ್ಯಾಹ್ನ 1ರತನಕ ಕ್ಯಾಲೆಂಡರ್ ಬ್ಲಾಕ್ ಮಾಡಿ ಪರ್ಚೇಸ್ ಬಿಲ್ಲು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿ ಜೊತಿ ತಾಳೆ ನೋಡ್ತೀನಿ, ನಡುವ ಎದ್ರ ಎಲ್ಲಿತನಕ ನೋಡಿದ್ದೆ ಅನ್ನೋದ ಮರ್ತು ಮತ್ತ ಮೊದ್ಲಿಂದ ಶುರು. ಸಾಹೇಬ್ರು 10:40ಕ್ಕ '11ಕ್ಕ ಕ್ವಿಕ್ ಕಾಲ್' ಅಂತ ಇನ್ವೈಟ್ ಕಳಸ್ತಾರ, ಯಾಕಂತ ಒಂದ್ ಲೈನ್ ಇರಲ್ಲ. ಬರೇ 'ಬ್ಯುಸಿ' ಅಂದ್ರ ಸೊಕ್ಕು ಅನ್ಕೋತಾರ. ಹಿಂಗ ಬರ್ದೀನಿ:

'ಸರ್, 1ರತನಕ 3ಬಿ ತಾಳೆ ನಡದೈತಿ, 11ಕ್ಕ ಬರಾಕ ಆಗಲ್ರಿ. ಬಾಕಿ ಪೇಮೆಂಟ್ ವಿಷ್ಯ ಆದ್ರ ಶೀಟ್‌ನಾಗ ಆ ಪಾರ್ಟಿ ಹೆಸರಿನ ಮುಂದ ಕಾಮೆಂಟ್ ಹಾಕ್ರಿ, 3ರೊಳಗ ಅಲ್ಲೇ ಉತ್ತರ ಬರೀತೀನಿ. ಆಮೇಲೂ ಮಾತಾಡೋದಿದ್ರ 4ಕ್ಕ 15 ನಿಮಿಷ ಫ್ರೀ ಅದೀನಿ. ಈಗ್ಲೇ ಪೇಮೆಂಟ್ ನಿಲ್ಲಸ್ಬೇಕು ಅನ್ನೋ ಹಂಗಿದ್ರ ಫೋನ್ ಮಾಡ್ರಿ.'

ಕಡೀ ಲೈನ್ ಇಟ್ರ ದಿನಾ ಫೋನೇ ಬರ್ತದೇನೋ, ತಗದ್ರ ಖರೇ ಅರ್ಜೆಂಟ್ ತಪ್ತದೇನೋ ಅನಸ್ತದ. ಮತ್ತ ಇನ್ವೈಟ್‌ನಾಗ ಡಿಕ್ಲೈನ್ ಒತ್ತಿ ಇದನ್ನ ಅದರಾಗೇ ಬರೀಲೋ, ವಾಟ್ಸಾಪ್‌ನಾಗ ಬ್ಯಾರೆ ಕಳಸ್ಲೋ? ನಿಮ್ಮ ಆಫೀಸಿನಾಗ ಯಾವ್ದು ನಡೀತದ ಹೇಳ್ರಿ.