ಅಪ್‌ಡೇಟ್: ಖಡಕ್ ರೊಟ್ಟಿಯ ಬಲ್ಕ್ ಆರ್ಡರ್ ಒಕ್ಕಣೆ

ನಾನು ಕೇಳಿದ್ದು: "ಕಲಬುರಗಿಯಿಂದ ಖಡಕ್ ಜೋಳದ ರೊಟ್ಟಿ ಕಳಿಸ್ತೀವಿ. ಬಲ್ಕ್ ರೇಟ್ ಗೊಂದಲವಾಗದಂತೆ ಹೇಗೆ ಬರೆಯೋದು?"

"ಬೆಲೆಗೆ ಫೋನ್ ಮಾಡಿ" ಅಂತ ಹಾಕಿ ನೋಡಿದೆ, ಒಬ್ಬರೂ ಮಾಡಲಿಲ್ಲ. ಎಲ್ಲವನ್ನೂ ಬಿಡಿಸಿ ಬರೆಯಿರಿ ಅಂದವರ ಸಲಹೆಯೇ ಕೆಲಸ ಮಾಡಿತು. ಈಗ ಹೀಗಿದೆ:

"ಕನಿಷ್ಠ 100 ರೊಟ್ಟಿ. 100ರಿಂದ 499ರವರೆಗೆ ಒಂದಕ್ಕೆ 8 ರೂಪಾಯಿ. 500 ಅಥವಾ ಜಾಸ್ತಿ ಆದರೆ ಎಲ್ಲಾ ರೊಟ್ಟಿಗೂ 7 ರೂಪಾಯಿ. ಮುಂಗಡ ಬಂದ ಮೇಲೆ 3 ಕೆಲಸದ ದಿನಗಳಲ್ಲಿ ಇಲ್ಲಿಂದ ರವಾನೆ. ನಿಮ್ಮೂರು ತಲುಪುವ ಸಮಯ ಬೇರೆ."

ಮೊದಲು "100-500, 500-1000" ಅಂತಿತ್ತು. ಸರಿಯಾಗಿ 500 ಕೇಳಿದವರಿಗೆ ಯಾವ ರೇಟ್? ಅಲ್ಲೇ ಜಗಳ.

ಒಂದು ಮಾತ್ರ ಹೊಳೆದಿರಲಿಲ್ಲ. 450 ರೊಟ್ಟಿಗೆ 3600 ರೂಪಾಯಿ, 500ಕ್ಕೆ 3500! ಬೀದರ್‌ನ ಅಕ್ಕ ಒಬ್ಬರು ನಗುತ್ತಲೇ ತೋರಿಸಿದರು. 438 ರೊಟ್ಟಿಗೇ 8ರ ರೇಟಲ್ಲಿ 3504 ಆಗುತ್ತೆ, ಅದಕ್ಕೆ ಈಗ 438 ಅಥವಾ ಜಾಸ್ತಿ ಕೇಳಿದವರಿಗೆ ನಾವೇ "500 ತಗೊಳ್ಳಿ" ಅಂತೀವಿ.